ಒಂಬತ್ತು ಫೋಟೊ, ಒಂದೇ ಆಲ್ಟ್: ನನ್ನ ಅನುಭವ

ಸಕಲೇಶಪುರದ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಅದರ ವೆಬ್‌ಸೈಟ್ ವರ್ಡ್‌ಪ್ರೆಸ್‌ನಲ್ಲಿದೆ, ನಾನೇ ನೋಡಿಕೊಳ್ಳುತ್ತೇನೆ. ಫೋಟೊಗಳಿಗೆ ಆಲ್ಟ್, ಅಂದರೆ ಫೋಟೊ ಕಾಣದವರಿಗೆ ಅದರಲ್ಲೇನಿದೆ ಅಂತ ತಿಳಿಸುವ ಬರಹ, ಈಗ ಬರೆಯುವುದೂ ನಾನೇ. "ಆಲ್ಟ್ ಬರೀತಾ ಕೂತ್ಕೋತೀಯಲ್ಲ, ಅದನ್ನ ಯಾರು ನೋಡ್ತಾರೆ?" ಅಂತ ಅಣ್ಣ ಒಂದು ವರ್ಷ ಕೇಳಿದ. ಈಗ ಕೇಳುತ್ತಿಲ್ಲ.

ಮೊದಲು ಈ ಕೆಲಸವನ್ನು ಒಬ್ಬರಿಗೆ 18 ಸಾವಿರ ಕೊಟ್ಟು ಮಾಡಿಸಿದ್ದೆ. ನೂರ ನಲವತ್ತು ಫೋಟೊಗಳ ಆಲ್ಟ್‌ನಲ್ಲೂ ಊರಿನ ಹೆಸರು, ಹೋಂಸ್ಟೇ, ಬೆಸ್ಟ್, ಕಡಿಮೆ ದರ ಅಂತ ತುಂಬಿಸಿಟ್ಟರು. ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಇಮೇಜ್ ಹುಡುಕಾಟದ ಲೆಕ್ಕ ಮಾತ್ರ ತೆಗೆದು ನೋಡಿದರೆ ತಿಂಗಳಿಗೆ ಸುಮಾರು 40 ಕ್ಲಿಕ್. ನಾಲ್ಕು ತಿಂಗಳಾದರೂ ಅಲ್ಲಿಂದ ಅಲುಗಲಿಲ್ಲ.

ಆಮೇಲೆ ಹಾಸನದಿಂದ ಒಬ್ಬರು ಮೇಷ್ಟ್ರು ರೂಮ್ ಕೇಳಲು ಫೋನ್ ಮಾಡಿದರು. ಅವರಿಗೆ ಕಣ್ಣು ಕಾಣುವುದಿಲ್ಲ, ಕಂಪ್ಯೂಟರಿನಲ್ಲಿ ತೆರೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶ ಬಳಸುತ್ತಾರೆ. "ನಿಮ್ಮ ಮಂಜರಾಬಾದ್ ಪುಟದಲ್ಲಿ ಒಂಬತ್ತು ಸಲ ಒಂದೇ ಮಾತು ಕೇಳಿಸ್ತು. ಒಂಬತ್ತೂ ಒಂದೇ ಫೋಟೊನಾ ಸಾರ್?" ಅಂದರು. ಒಂಬತ್ತಕ್ಕೂ 'ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಸಕಲೇಶಪುರ ಹೋಂಸ್ಟೇ' ಅಂತಲೇ ಇತ್ತು. ನನಗೆ ತುಂಬಾ ಬೇಜಾರಾಯಿತು.

ಅವತ್ತು ರಾತ್ರಿಯೇ ಒಂಬತ್ತನ್ನೂ ಸಾಲಾಗಿ ತೆರೆದು ನೋಡಿದೆ. ಕೋಟೆಗೆ ಎಂಟು ಮೂಲೆ, ಸರಿ. ಆದರೆ ನಕ್ಷತ್ರ ಕಾಣುವುದು ಮೇಲಿನಿಂದ ತೆಗೆದ ಒಂದೇ ಫೋಟೊದಲ್ಲಿ. 2,500 ಕೊಟ್ಟು ಕೊಂಡಿದ್ದು ಅದು. ಬಾಗಿಲ ಹತ್ತಿರ ನಿಂತು ತೆಗೆದದ್ದರಲ್ಲಿ ಕಮಾನು, ಪಾಚಿ ಹಿಡಿದ ಕಲ್ಲು ಮಾತ್ರ ಕಾಣುತ್ತವೆ. ಹಾಗಾಗಿ 'ನಕ್ಷತ್ರ' ಎಂಬ ಮಾತನ್ನು ಎಂಟು ಕಡೆ ಕಿತ್ತು ಹಾಕಿದೆ. ಒಂದೊಂದಕ್ಕೂ ಆ ಫೋಟೊದಲ್ಲಿ ಮಾತ್ರ ಇರುವುದನ್ನು ಬರೆದೆ. ಮೇಲಿನಿಂದ ತೆಗೆದದ್ದಕ್ಕೆ ಹೀಗೆ:

```html
<img src="manjarabad-top.jpg"
 alt="ಮೇಲಿನಿಂದ ಕಾಣುವ ಮಂಜರಾಬಾದ್ ಕೋಟೆ. ಎಂಟು ಮೂಲೆಯ ನಕ್ಷತ್ರದಂತಹ ಗೋಡೆ, ನಡುವೆ ಶಿಲುಬೆ ಆಕಾರದ ಕೊಳ.">
```

'ಚಿತ್ರ' ಅಥವಾ 'ಫೋಟೊ' ಅಂತ ಶುರು ಮಾಡಬಾರದು. ಇದು ಚಿತ್ರ ಅಂತ ಎನ್‌ವಿಡಿಎ ತಾನೇ ಹೇಳುತ್ತದೆ, ಮತ್ತೆ ನಾವೂ ಹೇಳಿದರೆ ಎರಡು ಸಲ ಕೇಳಿಸುತ್ತದೆ. ಪುಟದ ನಡುವೆ ಅಂದಕ್ಕೆ ಹಾಕಿದ್ದ ಕಾಫಿ ಎಲೆಯ ಗೆರೆಗಳಿಗೆ `alt=""` ಅಂತ ಖಾಲಿ ಬಿಟ್ಟೆ. ಆಲ್ಟ್ ಅನ್ನೇ ಪೂರ್ತಿ ತೆಗೆಯಬೇಡಿ, ಫೈಲಿನ ಹೆಸರನ್ನು ಓದುವ ಸಂದರ್ಭಗಳಿವೆ.

ಇಷ್ಟೆಲ್ಲ ಮಾಡಿ ಮೇಷ್ಟ್ರಿಗೆ ಫೋನ್ ಮಾಡಿದರೆ, "ಹಳೇದೇ ಓದ್ತಿದೆ" ಅಂದರು! ಎರಡು ದಿನ ಕ್ಯಾಶ್ ಅಳಿಸಿದ್ದೇ ಅಳಿಸಿದ್ದು. ತಪ್ಪು ಇದ್ದದ್ದೇ ಬೇರೆ ಕಡೆ. ನಾನು ತಿದ್ದಿದ್ದು ಮೀಡಿಯಾ ಲೈಬ್ರರಿಯಲ್ಲಿ. ಫೋಟೊವನ್ನು ಪುಟಕ್ಕೆ ಸೇರಿಸುವಾಗಲೇ ಆಲ್ಟ್ ಆ ಪುಟದ ಬ್ಲಾಕಿಗೆ ನಕಲಾಗಿಬಿಡುತ್ತದೆ. ಆಮೇಲೆ ಲೈಬ್ರರಿಯಲ್ಲಿ ಏನು ತಿದ್ದಿದರೂ ಹಳೆಯ ಪುಟಕ್ಕೆ ಬರುವುದಿಲ್ಲ. ಒಂದೊಂದೇ ಪುಟ ತೆರೆದು, ಬ್ಲಾಕ್‌ನಲ್ಲಿ ಮತ್ತೆ ಬರೆದೆ. ಹನ್ನೊಂದು ಸಂಜೆ ಹಿಡಿಯಿತು.

ಇನ್ನೊಂದು ತೊಡಕು ಭಾಷೆಯದು. ಸೈಟಿನ ಭಾಷೆ `lang="en-US"` ಅಂತ ಇತ್ತು. ಇಂಗ್ಲಿಷ್ ದನಿ ನನ್ನ ಕನ್ನಡವನ್ನು ಓದಲು ಹೋಗಿ ಕೆಡಿಸುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ಸೈಟ್ ಭಾಷೆಯನ್ನು ಕನ್ನಡ ಮಾಡಿದ ಮೇಲೆ `lang="kn"` ಬಂತು, ದನಿ ತಾನಾಗೇ ಬದಲಾಯಿತು. ಒಂದೇ ಆಲ್ಟ್ ಒಳಗೆ ಎರಡು ಭಾಷೆ ಬೆರೆಸಿದರೆ ಮಾತ್ರ ಇದರಿಂದ ಪ್ರಯೋಜನವಿಲ್ಲ, ಆಲ್ಟ್‌ನ ಅರ್ಧಕ್ಕೆ ಬೇರೆ ಭಾಷೆಯ ಗುರುತು ಹಾಕಲು ಆಗುವುದಿಲ್ಲ. ಅದಕ್ಕೇ ಇಂಗ್ಲಿಷ್ ಪುಟಗಳನ್ನು ಬೇರೆಯೇ ಇಟ್ಟು, ಅವುಗಳ ಭಾಷೆಯನ್ನು ಬೇರೆ ಗುರುತಿಸಿದೆ.

ನಡುವೆ ಒಂದು ಪ್ರಯೋಗ ಮಾಡಿದೆ. ಕಾಫಿ ಹೂವಿನ ಆರು ಫೋಟೊಗಳ ಫೈಲ್ ಹೆಸರನ್ನೂ ಚೆಂದ ಮಾಡೋಣ ಅಂತ ಬದಲಿಸಿದೆ. ವಿಳಾಸ ಬದಲಾಯಿತು, ಗೂಗಲ್‌ಗೆ ಅವು ಹೊಸ ಫೋಟೊಗಳಾದವು. ಬರುತ್ತಿದ್ದ ಕ್ಲಿಕ್ಕೂ ಎರಡು ತಿಂಗಳು ನಿಂತವು. ಹಳೆಯ ಫೋಟೊಗಳ ಹೆಸರು ಮುಟ್ಟಬೇಡಿ, ಹೊಸದಕ್ಕೆ ಮಾತ್ರ ಒಳ್ಳೆಯ ಹೆಸರಿಡಿ.

ಆಲ್ಟ್ ತಿದ್ದಿದ ಐದನೇ ತಿಂಗಳಿಗೆ ಇಮೇಜ್ ಕ್ಲಿಕ್ 300 ದಾಟಿತು. ಅದರಲ್ಲಿ ಜಾಸ್ತಿ ಪಾಲು ಆ ಮೇಲಿನಿಂದ ತೆಗೆದ ಕೋಟೆಯದು. ಆಲ್ಟ್ ಒಂದರಿಂದಲೇ ಆಯಿತು ಅನ್ನಲಾರೆ. ಕೋಟೆಯ ಆಕಾರದ ಬಗ್ಗೆ ಬರೆದ ಪ್ಯಾರಾದ ಪಕ್ಕಕ್ಕೇ ಆ ಫೋಟೊ ತಂದಿದ್ದೆ, ಅಡಿಬರಹವೂ ಹಾಕಿದ್ದೆ. ಗೂಗಲ್ ಅವನ್ನೂ ನೋಡುತ್ತದೆ.

ಮೇಷ್ಟ್ರು ಮನೆಯವರ ಜೊತೆ ಬಂದು ಎರಡು ದಿನ ಇದ್ದರು. ರೂಮಿನ ಫೋಟೊಗೆ 'ಬಾಗಿಲಿಗೆ ಎರಡು ಮೆಟ್ಟಿಲು, ಎಡಗಡೆ ಕಬ್ಬಿಣದ ಕಂಬಿ' ಅಂತ ಬರೆದಿದ್ದೆ. ಹತ್ತಿ ನಿಂತು, "ಮೂರಿದೆಯಲ್ಲ ಸಾರ್" ಅಂದರು. ಫೋಟೊ ಕತ್ತರಿಸುವಾಗ ಕೆಳಗಿನ ಮೆಟ್ಟಿಲು ಹೋಗಿತ್ತು. ಕಣ್ಣಿರುವವರಿಗೂ ಆ ಫೋಟೊದಲ್ಲಿ ಎರಡೇ ಕಾಣುತ್ತಿತ್ತು, ಅಲ್ವಾ? ಈಗ ಮೆಟ್ಟಿಲ ಲೆಕ್ಕವನ್ನು ಆಲ್ಟ್‌ನಿಂದ ತೆಗೆದು, ಎಲ್ಲರಿಗೂ ಸಿಗುವಂತೆ ರೂಮಿನ ವಿವರದಲ್ಲೇ ಬರೆದಿದ್ದೇನೆ: ಮೂರು.