ಪರೀಕ್ಷೆಯ ದಿನದಿಂದ ಹಿಂದಕ್ಕೆ ಎಣಿಸುವುದು ಹೇಗೆ: ದ್ವಿತೀಯ ಪಿಯುಸಿ ಓದುತ್ತಿರುವ ತಮ್ಮನಿಗೆ ಅಕ್ಕನ ಪತ್ರ

ಚಿರಂಜೀವಿ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು, ‘ಅಕ್ಕಾ, ನೀನು ದಿನಕ್ಕೆ ಎಷ್ಟು ಗಂಟೆ ಓದುತ್ತಿದ್ದೆ?’ ಎಂದು ಕೇಳಿದೆ. ಆ ಗಡಿಬಿಡಿಯಲ್ಲಿ ಸರಿಯಾಗಿ ಉತ್ತರಿಸಲು ಆಗಲಿಲ್ಲ. ಎಷ್ಟು ಗಂಟೆ ಎಂಬುದಕ್ಕಿಂತ ಆ ಗಂಟೆಗಳನ್ನು ಹೇಗೆ ಲೆಕ್ಕ ಹಾಕಿದೆ, ಯಾವುದಕ್ಕೆ ಎಷ್ಟು ಕೊಟ್ಟೆ ಎಂಬುದು ನಿನಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎನಿಸಿ, ನನ್ನ ಹಳೆಯ ನೋಟ್‌ಬುಕ್ಕನ್ನು ಎದುರಿಗಿಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ನಾನು ದ್ವಿತೀಯ ಪಿಯುಸಿ ಬರೆದದ್ದು 2019ರಲ್ಲಿ. ಪರೀಕ್ಷೆ ಮಾರ್ಚ್ 1ಕ್ಕೆ ಆರಂಭವಾಗುವುದಿತ್ತು. ಹಿಂದಿನ ಡಿಸೆಂಬರ್ ಆರಂಭದಲ್ಲಿ ನಾನು ಹಾಕಿಕೊಂಡ ಮೊದಲ ಯೋಜನೆಯಲ್ಲಿ ದಿನಕ್ಕೆ ಹತ್ತು ಗಂಟೆ ಓದು ಎಂದು ಬರೆದಿದ್ದೆ. ಬೆಳಿಗ್ಗೆ ಏಳೂಮುಕ್ಕಾಲಿಗೆ ಬಸ್ಸು ಹಿಡಿದು ಸಂಜೆ ಐದೂವರೆಗೆ ಮನೆ ಸೇರುವವಳಿಗೆ ಆ ಹತ್ತು ಗಂಟೆ ಎಲ್ಲಿಂದ ಬರಬೇಕು? ಮೂರನೆಯ ದಿನಕ್ಕೇ ಯೋಜನೆ ಮುರಿದುಬಿತ್ತು. ಆಗ ಭೌತಶಾಸ್ತ್ರದ ಉಪನ್ಯಾಸಕರು ಹೇಳಿದ ಒಂದು ಮಾತಿನಂತೆ, ಒಂದು ವಾರ ಯಾವ ಯೋಜನೆಯನ್ನೂ ಹಾಕದೆ, ನಾನು ನಿಜವಾಗಿ ಓದಿದ ಸಮಯವನ್ನು ಮಾತ್ರ ಗಡಿಯಾರ ನೋಡಿ ಬರೆದಿಟ್ಟೆ.

ಇರುವ ಗಂಟೆಗಳನ್ನು ಅಳೆಯುವುದು

ಆ ವಾರದ ಲೆಕ್ಕದಲ್ಲಿ ಕಾಲೇಜು ಇದ್ದ ದಿನ ಸರಾಸರಿ 3 ಗಂಟೆ 20 ನಿಮಿಷ, ಭಾನುವಾರ 6 ಗಂಟೆ ಓದಾಗಿತ್ತು. ಪುಸ್ತಕ ತೆರೆದಿಟ್ಟು ಅಮ್ಮನೊಂದಿಗೆ ಮಾತನಾಡಿದ ಸಮಯವನ್ನು ಇದರಲ್ಲಿ ಸೇರಿಸಲಿಲ್ಲ. ನೀನೂ ಸೇರಿಸಬೇಡ, ಏಕೆಂದರೆ ಈ ಅಂಕಿಯಲ್ಲಿ ಸುಳ್ಳು ಸೇರಿದರೆ ಅದರ ಮೇಲೆ ಕಟ್ಟುವ ಎಲ್ಲವೂ ಸುಳ್ಳಾಗುತ್ತದೆ.

ಬಳಿಕ ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಡಿಸೆಂಬರ್ 15ರಿಂದ ಫೆಬ್ರವರಿ 28ರವರೆಗಿನ 76 ದಿನಗಳನ್ನು ವಿಂಗಡಿಸಿದೆ. ಜನವರಿ ಕೊನೆಯವರೆಗಿನ 48 ದಿನಗಳಲ್ಲಿ ಏಳು ಭಾನುವಾರ, ಕ್ರಿಸ್‌ಮಸ್ ಮತ್ತು ಸಂಕ್ರಾಂತಿ ಕಳೆದರೆ 39 ಕಾಲೇಜು ದಿನಗಳು ಉಳಿದವು. ಅವುಗಳಿಂದ 130 ಗಂಟೆ. ಒಂಬತ್ತು ರಜೆಯ ದಿನಗಳಿಂದ 54 ಗಂಟೆ. ಫೆಬ್ರವರಿಯಲ್ಲಿ ಮೂರು ಪ್ರಾಯೋಗಿಕ ಪರೀಕ್ಷೆಗಳಿಗೆ ಮೂರು ದಿನ, ರೆಕಾರ್ಡ್ ಪುಸ್ತಕ ಮುಗಿಸಿ ಸಹಿ ಹಾಕಿಸಲು ಒಂದು ದಿನ ಬಿಟ್ಟು, ಉಳಿದ 24 ದಿನಗಳಿಗೆ ಏಳು ಗಂಟೆಯಂತೆ 168 ಗಂಟೆ. ಒಟ್ಟು 352 ಗಂಟೆಯಾಯಿತು.

ಇಷ್ಟನ್ನೂ ಹಂಚಲಿಲ್ಲ. 52 ಗಂಟೆಯನ್ನು ಯಾವ ವಿಷಯದ ಹೆಸರೂ ಬರೆಯದೆ ಖಾಲಿ ಬಿಟ್ಟೆ. ಗೆಳತಿಯರು ಇದನ್ನು ಸೋಮಾರಿತನ ಎಂದರು. ಜನವರಿ ಎರಡನೆಯ ವಾರ ಐದು ದಿನ ಜ್ವರದಿಂದ ಮಲಗಿದಾಗ, ಹೋದ ಹದಿನೇಳು ಹದಿನೆಂಟು ಗಂಟೆ ಈ ಖಾಲಿ ಲೆಕ್ಕದಿಂದಲೇ ಹೋಯಿತು. ಗಣಿತದ ಗಂಟೆಯನ್ನು ಮುಟ್ಟಬೇಕಾಗಲಿಲ್ಲ.

ಹೋದ ಅಂಕಗಳ ಪ್ರಕಾರ ಹಂಚುವುದು

ಉಳಿದ 300 ಗಂಟೆಯನ್ನು ಆರು ವಿಷಯಗಳಿಗೆ ಐವತ್ತರಂತೆ ಹಂಚುವುದು ಸುಲಭ, ಆದರೆ ಅದು ತಪ್ಪು ಹಂಚಿಕೆ. ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತೆಗೆದು, ಬಂದ ಅಂಕಗಳನ್ನಲ್ಲ, ಹೋದ ಅಂಕಗಳನ್ನು ಬರೆದೆ. ಗಣಿತದಲ್ಲಿ 46, ಭೌತಶಾಸ್ತ್ರದಲ್ಲಿ 27, ರಸಾಯನಶಾಸ್ತ್ರದಲ್ಲಿ 24, ಜೀವಶಾಸ್ತ್ರದಲ್ಲಿ 15, ಇಂಗ್ಲಿಷಿನಲ್ಲಿ 18, ಕನ್ನಡದಲ್ಲಿ 20 ಹೋಗಿದ್ದವು. ಒಟ್ಟು 150 ಅಂಕ. ಅಂದರೆ ಹೋದ ಒಂದೊಂದು ಅಂಕಕ್ಕೆ ನನ್ನ ಬಳಿ ಎರಡು ಗಂಟೆ ಇತ್ತು. ಆ ಪ್ರಕಾರ ಗಣಿತಕ್ಕೆ 92, ಭೌತಶಾಸ್ತ್ರಕ್ಕೆ 54, ರಸಾಯನಶಾಸ್ತ್ರಕ್ಕೆ 48, ಜೀವಶಾಸ್ತ್ರಕ್ಕೆ 30 ಗಂಟೆ ಬಂತು.

ಭಾಷೆಗಳಿಗೆ ಮಾತ್ರ ಈ ಸೂತ್ರವನ್ನು ಹಾಗೆಯೇ ಬಳಸಲಿಲ್ಲ. ಕನ್ನಡದ ಉತ್ತರಪತ್ರಿಕೆ ನೋಡಿದರೆ ಹೆಚ್ಚಿನ ಅಂಕಗಳು ಹೋದದ್ದು ವ್ಯಾಕರಣದಲ್ಲಿ ಮತ್ತು ಸಂದರ್ಭಸಹಿತ ವಿವರಣೆಯಲ್ಲಿ ಕವಿಯ ಹೆಸರು, ಪದ್ಯದ ಹೆಸರು ಬರೆಯದೆ ಬಿಟ್ಟದ್ದಕ್ಕೆ. ಇಂಥ ಅಂಕಗಳು ಎರಡು ಗಂಟೆಗಿಂತ ಕಡಿಮೆಯಲ್ಲಿ ಹಿಂದಿರುಗುತ್ತವೆ. ಆದ್ದರಿಂದ ಎರಡು ಭಾಷೆಗಳಿಗೂ 25 ಗಂಟೆಯಂತೆ ಇಟ್ಟು, ಉಳಿದ 26 ಗಂಟೆಯನ್ನು ಪೂರ್ಣ ಪ್ರಶ್ನೆಪತ್ರಿಕೆ ಬರೆಯಲು ತೆಗೆದಿಟ್ಟೆ. ವಿಜ್ಞಾನದ ವಿದ್ಯಾರ್ಥಿಗಳು ಭಾಷೆಯನ್ನು ಕೊನೆಯ ರಾತ್ರಿಗೆ ತಳ್ಳುವುದು ನನಗೆ ಅಂದೂ ಅರ್ಥವಾಗುತ್ತಿರಲಿಲ್ಲ, ಇಂದೂ ಆಗುವುದಿಲ್ಲ. 600ರಲ್ಲಿ 200 ಅಂಕ ಅಲ್ಲಿಯೇ ಇದೆ.

ಗಣಿತದ 92 ಗಂಟೆಯನ್ನು ಹದಿಮೂರು ಅಧ್ಯಾಯಗಳಿಗೂ ಸಮನಾಗಿ ಕೊಡಲಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳ ಕೊನೆಯ ಭಾಗದಲ್ಲಿ ಆರು ಅಂಕದ ಪ್ರಶ್ನೆಗೆ ರೇಖೀಯ ಕ್ರಮವಿಧಿಯ ಲೆಕ್ಕವೋ ನಿಶ್ಚಿತ ಅನುಕಲನದ ಒಂದು ಗುಣಲಕ್ಷಣದ ಸಾಧನೆಯೋ ಎಂಬ ಆಯ್ಕೆ ಇರುತ್ತಿತ್ತು. ರೇಖೀಯ ಕ್ರಮವಿಧಿ ಚಿಕ್ಕ ಅಧ್ಯಾಯ. ನಕ್ಷೆ ಎಳೆದು ಮೂಲೆಬಿಂದುಗಳನ್ನು ಕಂಡುಹಿಡಿಯುವುದು ನನಗೆ ನಾಲ್ಕು ಗಂಟೆಯಲ್ಲಿ ಕೈಗೆ ಹತ್ತಿತು. ಅನುಕಲನಕ್ಕೆ ಇಪ್ಪತ್ತು ಗಂಟೆ ಬೇಕಾಯಿತು. ಹಾಗೆಂದು ಅನುಕಲನವನ್ನು ಬಿಡುವಂತಿರಲಿಲ್ಲ, ಏಕೆಂದರೆ ಮುಂದಿನ ಎರಡು ಅಧ್ಯಾಯಗಳು ಅದರ ಮೇಲೆಯೇ ನಿಂತಿವೆ. ಆದರೆ ಚಿಕ್ಕದನ್ನು ಮೊದಲು ಮುಗಿಸಿದ್ದರಿಂದ ದೊಡ್ಡದಕ್ಕೆ ಕುಳಿತಾಗ ಆತಂಕ ಕಡಿಮೆ ಇತ್ತು.

ಒಂದು ಎಚ್ಚರಿಕೆ. ನನ್ನ ಕಾಲದಲ್ಲಿ ಗಣಿತ ಮತ್ತು ಭಾಷೆಗಳಿಗೆ ನೂರು ಅಂಕದ ಲಿಖಿತ ಪರೀಕ್ಷೆ ಇತ್ತು. ಈಗ ಲಿಖಿತಕ್ಕೆ 80, ಆಂತರಿಕ ಮೌಲ್ಯಮಾಪನಕ್ಕೆ 20 ಎಂದಾಗಿದೆ. ಅಂಕ ಹಂಚಿಕೆಯನ್ನು ನನ್ನ ನೋಟ್‌ಬುಕ್ಕಿನಿಂದ ತೆಗೆದುಕೊಳ್ಳದೆ, ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಪ್ರಕಟಿಸುವ ಈ ವರ್ಷದ ಮಾದರಿ ಪ್ರಶ್ನೆಪತ್ರಿಕೆಯಿಂದ ತೆಗೆದುಕೋ.

ಕೊನೆಯಿಂದ ತುಂಬುತ್ತಾ ಬರುವುದು

ಇಲ್ಲಿಯವರೆಗಿನದು ಲೆಕ್ಕ, ಕ್ಯಾಲೆಂಡರಿನಲ್ಲಿ ಬರೆಯುವಾಗ ಫೆಬ್ರವರಿ 28ರಿಂದ ಆರಂಭಿಸಿ ಹಿಂದಕ್ಕೆ ಬಂದೆ. ಮೊದಲ ಅಧ್ಯಾಯದಿಂದ ಮುಂದಕ್ಕೆ ಹೋದವರಿಗೆ ಪುನರಾವರ್ತನೆಯ ದಿನಗಳು ಯಾವಾಗಲೂ ಸಾಲುವುದಿಲ್ಲ, ಏಕೆಂದರೆ ಪ್ರತಿ ಅಧ್ಯಾಯವೂ ಗೊತ್ತುಪಡಿಸಿದ್ದಕ್ಕಿಂತ ಒಂದು ದಿನ ಹೆಚ್ಚು ತಿನ್ನುತ್ತದೆ, ಆ ದಿನ ಕೊನೆಯಿಂದಲೇ ಕಡಿಮೆಯಾಗುತ್ತದೆ. ಆದ್ದರಿಂದ ಕೊನೆಯ ಹತ್ತು ದಿನಗಳಿಗೆ ಮೂರನೆಯ ಸುತ್ತು ಎಂದು ಮೊದಲೇ ಬರೆದುಬಿಟ್ಟೆ. ಆ ಹತ್ತು ದಿನಗಳಲ್ಲಿ ವಿಷಯಗಳು ವೇಳಾಪಟ್ಟಿಗೆ ತಿರುವುಮುರುವಾಗಿದ್ದವು: ಕೊನೆಯಲ್ಲಿ ಬರುವ ಪತ್ರಿಕೆಯನ್ನು ಫೆಬ್ರವರಿ 19ಕ್ಕೆ, ಮೊದಲ ಪತ್ರಿಕೆಯನ್ನು 27 ಮತ್ತು 28ಕ್ಕೆ ಇಟ್ಟೆ. ಕೊನೆಯ ಪತ್ರಿಕೆಯನ್ನು ಮತ್ತೊಮ್ಮೆ ತಿರುವಿಹಾಕಲು ಪರೀಕ್ಷೆಗಳ ನಡುವಿನ ದಿನಗಳು ಸಿಗುತ್ತವೆ. ಮೊದಲ ಪತ್ರಿಕೆಗೆ ಅಂಥ ದಿನ ಇರುವುದಿಲ್ಲ.

ಅದಕ್ಕೂ ಹಿಂದೆ, ಫೆಬ್ರವರಿ 1ರಿಂದ 18ರವರೆಗೆ ಎರಡನೆಯ ಸುತ್ತು. ಹೊಸದಾಗಿ ಕಲಿಯುವುದು ಜನವರಿ 31ಕ್ಕೆ ನಿಲ್ಲಬೇಕೆಂದು ಕೆಂಪು ಗೆರೆ ಎಳೆದಿದ್ದೆ. ಭೌತಶಾಸ್ತ್ರದ ಒಂದು ಅಧ್ಯಾಯ ಆ ಗೆರೆಯೊಳಗೆ ಮುಗಿಯಲಿಲ್ಲ. ಅದರ ಎರಡು ಮತ್ತು ಮೂರು ಅಂಕದ ಪ್ರಶ್ನೆಗಳನ್ನಷ್ಟೇ ಓದಿಕೊಂಡು, ಐದು ಅಂಕದ ನಿರೂಪಣೆಯನ್ನು ಬಿಟ್ಟುಬಿಟ್ಟೆ. ಪ್ರಶ್ನೆಪತ್ರಿಕೆಯಲ್ಲಿ ಆಯ್ಕೆ ಇದ್ದುದರಿಂದ ಆ ಬಿಟ್ಟದ್ದು ನನಗೆ ತಡೆದುಕೊಳ್ಳುವಷ್ಟಾಗಿತ್ತು.

ಒಂದು ಅಧ್ಯಾಯ ಮುಗಿಯಿತೆಂದು ಹೇಗೆ ತಿಳಿಯುವುದು? ಪುಸ್ತಕ ಮುಚ್ಚಿ ಬಿಳಿ ಹಾಳೆಯ ಮೇಲೆ ಅದರ ಸೂತ್ರ, ಚಿತ್ರ, ನಿರೂಪಣೆಗಳನ್ನು ಬರೆಯುತ್ತಿದ್ದೆ. ಮೂರು ದಿನ ಬಿಟ್ಟು ಮತ್ತೆ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಮೂರನೆಯ ಸಲವೂ ಬಂದರೆ ಮಾತ್ರ ಆ ಅಧ್ಯಾಯದ ಎದುರು ಗುರುತು ಹಾಕುತ್ತಿದ್ದೆ. ಓದುವಾಗ ‘ಇದು ಗೊತ್ತಿದೆ’ ಎನ್ನಿಸುವುದನ್ನು ನಂಬಬೇಡ. ಮಸೂರದ ಕಿರಣಚಿತ್ರವನ್ನು ಹತ್ತು ಸಲ ನೋಡಿದ್ದರೂ ಬರೆಯಲು ಕುಳಿತಾಗ ನನಗೆ ಬಾಣದ ದಿಕ್ಕು ತಪ್ಪುತ್ತಿತ್ತು.

ಪೂರ್ವಸಿದ್ಧತಾ ಪರೀಕ್ಷೆ ಹೇಳಿಕೊಟ್ಟದ್ದು

ಜನವರಿ ಕೊನೆಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತಕ್ಕೆ 63 ಬಂತು. ಇಷ್ಟು ಓದಿಯೂ 37 ಅಂಕ ಹೋಯಿತಲ್ಲ ಎಂದು ಅಂದು ರಾತ್ರಿ ಊಟ ಮಾಡದೆ ಮಲಗಿದ್ದು ನಿನಗೆ ನೆನಪಿರಬಹುದು. ಮರುದಿನ ಉತ್ತರಪತ್ರಿಕೆಯನ್ನು ಸಾಲುಸಾಲಾಗಿ ನೋಡಿ, ಹೋದ ಪ್ರತಿ ಅಂಕವನ್ನೂ ಮೂರರಲ್ಲಿ ಒಂದು ಗುಂಪಿಗೆ ಹಾಕಿದೆ. ಗೊತ್ತೇ ಇಲ್ಲದ್ದು 12, ಸಮಯ ಸಾಲದೆ ಬಿಟ್ಟದ್ದು 9, ಗೊತ್ತಿದ್ದೂ ತಪ್ಪಿದ್ದು 16.

ಹದಿನಾರು ಅಂಕಗಳಿಗೆ ಇನ್ನಷ್ಟು ಓದುವುದು ಔಷಧಿಯಾಗುತ್ತಿರಲಿಲ್ಲ. ಕಾರಣ ಹುಡುಕಿದಾಗ, ಅವುಗಳಲ್ಲಿ ಹೆಚ್ಚಿನವು ಎರಡು ಹಂತಗಳನ್ನು ಒಂದೇ ಸಾಲಿನಲ್ಲಿ ಬರೆದ ಕಡೆಯೇ ಆಗಿದ್ದವು. `sin x` ಅನ್ನು ಅನುಕಲಿಸಿದರೆ `-cos x + C` ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಆದರೆ ಪಕ್ಕದ ಅಂಚಿನಲ್ಲಿ ಲೆಕ್ಕ ಮಾಡಿ ಉತ್ತರದ ಸಾಲಿಗೆ ತರುವಾಗ ಋಣ ಚಿಹ್ನೆ ಅಂಚಿನಲ್ಲೇ ಉಳಿದಿತ್ತು. ಅಂದಿನಿಂದ ಒಂದು ಸಾಲಿಗೆ ಒಂದೇ ಹಂತ ಎಂದು ನಿಯಮ ಮಾಡಿಕೊಂಡೆ. ಹಾಳೆ ಹೆಚ್ಚು ಖರ್ಚಾಯಿತು. ನಂತರ ಮನೆಯಲ್ಲಿ ಬರೆದ ಎರಡು ಪೂರ್ಣ ಪತ್ರಿಕೆಗಳಲ್ಲಿ ಇಂಥ ತಪ್ಪಿನಿಂದ ಹೋದದ್ದು ಮೊದಲನೆಯದರಲ್ಲಿ ಏಳು, ಎರಡನೆಯದರಲ್ಲಿ ನಾಲ್ಕು ಅಂಕ.

ಸಮಯದ ಒಂಬತ್ತು ಅಂಕಗಳಿಗೆ ಬೇರೆ ಲೆಕ್ಕ ಬೇಕಾಯಿತು. ಪ್ರಶ್ನೆಪತ್ರಿಕೆ ಓದಲು ಕೊಟ್ಟ 15 ನಿಮಿಷ ಬಿಟ್ಟರೆ ನಮಗೆ ಬರೆಯಲು 180 ನಿಮಿಷ ಇತ್ತು, ಅಂದರೆ ಐದು ಅಂಕದ ಪ್ರಶ್ನೆಗೆ 9 ನಿಮಿಷ. ನಾನು ಹದಿನಾಲ್ಕು ತೆಗೆದುಕೊಳ್ಳುತ್ತಿದ್ದೆ. ಹತ್ತು ನಿಮಿಷಕ್ಕೆ ಮುಗಿಯದಿದ್ದರೆ ಅರ್ಧ ಪುಟ ಖಾಲಿ ಬಿಟ್ಟು ಮುಂದಕ್ಕೆ ಹೋಗುವ ಅಭ್ಯಾಸವನ್ನು ಆ 26 ಗಂಟೆಗಳಲ್ಲಿ ಮಾಡಿದೆ. ಒಂದು ಪತ್ರಿಕೆ ಬರೆದು, ನಾನೇ ತಿದ್ದಲು ಐದು ಗಂಟೆ ಹಿಡಿಯುತ್ತಿತ್ತು. ಹೀಗೆ ಗಣಿತಕ್ಕೆ ಎರಡು, ಉಳಿದ ಮೂರು ವಿಜ್ಞಾನ ವಿಷಯಗಳಿಗೆ ಒಂದೊಂದು ಪತ್ರಿಕೆ ಬರೆಯಲು ಸಾಧ್ಯವಾಯಿತು. ಅವುಗಳನ್ನು ಬರೆದದ್ದು ಪರೀಕ್ಷೆ ನಡೆಯುವ ಹೊತ್ತಿಗೇ, ಬೆಳಿಗ್ಗೆ ಹತ್ತೂಕಾಲರ ನಂತರ. ನಿನ್ನ ಪರೀಕ್ಷೆಯ ಅವಧಿಯನ್ನು ಈ ವರ್ಷದ ವೇಳಾಪಟ್ಟಿಯಲ್ಲಿ ನೋಡಿ ಇದೇ ರೀತಿ ಭಾಗಿಸಿಕೋ.

ಈ ಯೋಜನೆಯಲ್ಲಿ ಸಿಇಟಿಗೆ ಜಾಗ ಇರಲಿಲ್ಲ. ನಾನು ಅದನ್ನು ಮಾರ್ಚ್ ಮುಗಿದ ಮೇಲೆ ಹಿಡಿದೆ. ನೀನು ಎರಡನ್ನೂ ಜೊತೆಯಲ್ಲಿ ಓದುವುದಾದರೆ 300 ಗಂಟೆಯಲ್ಲಿ ಅದಕ್ಕೂ ಒಂದು ಪಾಲು ತೆಗೆದು, ಉಳಿದದ್ದನ್ನು ಹೊಸದಾಗಿ ಹಂಚಬೇಕಾಗುತ್ತದೆ.

ಮುಂದಿನ ಭಾನುವಾರ ನಾನು ಊರಿಗೆ ಬರುತ್ತೇನೆ. ಅಷ್ಟರಲ್ಲಿ ಏಳು ದಿನ ನಿಜವಾಗಿ ಓದಿದ ಗಂಟೆಗಳನ್ನು ಬರೆದಿಡು, ಅರ್ಧವಾರ್ಷಿಕದ ಆರೂ ಉತ್ತರಪತ್ರಿಕೆಗಳನ್ನು ಹುಡುಕಿ ತೆಗೆದಿಡು. ಕ್ಯಾಲೆಂಡರನ್ನು ಇಬ್ಬರೂ ಕೂತು ತುಂಬೋಣ. ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇತಿ,
ನಿನ್ನ ಅಕ್ಕ