ಜರ್ಮನಿಯಲ್ಲಿ ಸ್ನಾತಕೋತ್ತರ ಪದವಿ: ನಾನು ಹೋಖ್‌ಶೂಲೆಯನ್ನು ಆರಿಸಿಕೊಂಡ ಬಗೆ

ಮೆಕ್ಯಾನಿಕಲ್ ಬಿ.ಇ. ಮುಗಿಸಿ ಪೀಣ್ಯದ ಯಂತ್ರ ತಯಾರಿಕಾ ಘಟಕವೊಂದರಲ್ಲಿ ದುಡಿಯುತ್ತಿದ್ದ ನನಗೆ ಯಂತ್ರಗಳ ನಿಯಂತ್ರಣ ವ್ಯವಸ್ಥೆಯಲ್ಲಿ ಪರಿಣತಿ ಬೇಕಿತ್ತು. ಜರ್ಮನಿಯಲ್ಲಿ ನನ್ನ ಮುಂದಿದ್ದುದು ಎರಡು ದಾರಿ: ಸಂಶೋಧನೆಗೆ ಒತ್ತು ಕೊಡುವ ತಾಂತ್ರಿಕ ವಿಶ್ವವಿದ್ಯಾಲಯ, ಇಲ್ಲವೇ ಉದ್ಯಮದ ಕೆಲಸಕ್ಕೆ ಹತ್ತಿರವಾಗಿ ಕಲಿಸುವ ಅನ್ವಯಿಕ ವಿಜ್ಞಾನಗಳ ಉನ್ನತ ಶಿಕ್ಷಣ ಸಂಸ್ಥೆಯಾದ ಹೋಖ್‌ಶೂಲೆ.

ಶ್ರೇಯಾಂಕ ಪಟ್ಟಿಗಳನ್ನು ಬದಿಗಿಟ್ಟು, ಎರಡೂ ಕಡೆಯ ಪಠ್ಯಘಟಕಗಳ ಕೈಪಿಡಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಓದಿದೆ. ಪ್ರತಿ ವಿಷಯಕ್ಕೂ ವಾರದಲ್ಲಿ ಉಪನ್ಯಾಸಕ್ಕೆ ಎಷ್ಟು ಗಂಟೆ, ಲೆಕ್ಕ ಬಿಡಿಸುವ ತರಗತಿಗೆ ಎಷ್ಟು, ಪ್ರಯೋಗಾಲಯಕ್ಕೆ ಎಷ್ಟು ಎಂಬುದು ಅದರಲ್ಲಿ ಸ್ಪಷ್ಟವಾಗಿರುತ್ತದೆ. ನಿಯಂತ್ರಣ ತಂತ್ರಜ್ಞಾನ ಎಂಬ ಒಂದೇ ಹೆಸರಿನ ವಿಷಯದಲ್ಲಿ ವಿಶ್ವವಿದ್ಯಾಲಯವು ಸ್ಥಿರತೆಯ ಗಣಿತೀಯ ರುಜುವಾತುಗಳಿಗೆ ಹೆಚ್ಚಿನ ಸಮಯ ಕೊಟ್ಟು ಕೊನೆಗೆ ಲಿಖಿತ ಪರೀಕ್ಷೆಯೊಂದನ್ನು ಇಟ್ಟಿತ್ತು. ಹೋಖ್‌ಶೂಲೆಯಲ್ಲಾದರೋ ಸಣ್ಣ ಗುಂಪುಗಳಲ್ಲಿ ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರಾದ ಪಿಎಲ್‌ಸಿ ಮತ್ತು ಸರ್ವೋ ಮೋಟಾರುಗಳ ಮೇಲೆ ಪ್ರಯೋಗ ನಡೆಸಿ ವರದಿ ಒಪ್ಪಿಸದ ಹೊರತು ಪರೀಕ್ಷೆಗೆ ಕೂರುವಂತೆಯೇ ಇರಲಿಲ್ಲ. ಬೋಧಕರಲ್ಲೂ ವ್ಯತ್ಯಾಸವಿದೆ. ಹೋಖ್‌ಶೂಲೆಯ ಪ್ರಾಧ್ಯಾಪಕರಾಗಲು ಸಾಮಾನ್ಯವಾಗಿ ಡಾಕ್ಟರೇಟ್ ಜೊತೆಗೆ ಐದು ವರ್ಷಗಳ ವೃತ್ತಿ ಅನುಭವ ಬೇಕು, ಅದರಲ್ಲಿ ಮೂರು ವರ್ಷ ಉನ್ನತ ಶಿಕ್ಷಣ ಸಂಸ್ಥೆಗಳ ಹೊರಗಿನದಾಗಿರಬೇಕು. ವಾರಕ್ಕೆ ಸುಮಾರು 18 ಗಂಟೆ ಪಾಠ ಮಾಡುವ ಅವರಿಗೆ ಸಂಶೋಧನೆಗೆ ಉಳಿಯುವ ಸಮಯ ಕಡಿಮೆ; ನಾನು ಕಲಿಯಬೇಕಾಗಿದ್ದುದಕ್ಕೆ ಅದೇನೂ ಕೊರತೆಯಾಗಿ ಕಾಣಲಿಲ್ಲ.

ಎಚ್ಚರದಿಂದ ನೋಡಬೇಕಾದದ್ದು ಕ್ರೆಡಿಟ್‌ಗಳ ಲೆಕ್ಕ. ಸ್ನಾತಕ ಮತ್ತು ಸ್ನಾತಕೋತ್ತರ ಪದವಿಗಳೆರಡೂ ಸೇರಿ 300 ಕ್ರೆಡಿಟ್ ಆಗಬೇಕೆಂಬುದು ಅಲ್ಲಿನ ವಾಡಿಕೆ. ವಿಶ್ವವಿದ್ಯಾಲಯದ ಸ್ನಾತಕ ಪದವಿ ಹೆಚ್ಚಾಗಿ 180 ಕ್ರೆಡಿಟ್‌ನದು, ಸ್ನಾತಕೋತ್ತರ 120ರದು. ಹೋಖ್‌ಶೂಲೆಯ ಎಂಜಿನಿಯರಿಂಗ್ ಸ್ನಾತಕ ಪದವಿಯಲ್ಲಿ ಕಂಪನಿಯೊಳಗೆ ಕಳೆಯುವ ಒಂದು ಸೆಮಿಸ್ಟರ್ ಸೇರಿರುವುದರಿಂದ ಅದು ಬಹುತೇಕ 210 ಆಗುತ್ತದೆ, ಆದ್ದರಿಂದ ಸ್ನಾತಕೋತ್ತರ 90ಕ್ಕೇ ಮುಗಿಯುತ್ತದೆ. ನಮ್ಮ ನಾಲ್ಕು ವರ್ಷಗಳ ಬಿ.ಇ.ಗೆ ಎಷ್ಟು ಕ್ರೆಡಿಟ್ ಕೊಡುತ್ತಾರೆಂಬುದು ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತದೆ. ನನ್ನದನ್ನು 180 ಎಂದು ಎಣಿಸಿ, ಉಳಿದ 30ನ್ನು ಕಂಪನಿಯಲ್ಲಿನ ಪ್ರಾಯೋಗಿಕ ಸೆಮಿಸ್ಟರ್‌ನಿಂದ ತುಂಬಿಕೊಳ್ಳಲು ಪ್ರವೇಶ ಪತ್ರದಲ್ಲೇ ಷರತ್ತು ವಿಧಿಸಿದ್ದರು. ಓದಿನ ಅವಧಿ ಅಷ್ಟರಮಟ್ಟಿಗೆ ಹಿಗ್ಗಿತಾದರೂ, ಅದೇ ಕಂಪನಿಯಲ್ಲಿ ಅಂತಿಮ ಪ್ರಬಂಧವನ್ನೂ ಮಾಡುವ ಅವಕಾಶ ಒದಗಿತು. ಕೊರತೆಯ ಕ್ರೆಡಿಟ್‌ಗಳನ್ನು ಪ್ರಾಯೋಗಿಕ ಸೆಮಿಸ್ಟರ್‌ನಿಂದ ತುಂಬಲು ಎಲ್ಲ ಕಡೆಯೂ ಒಪ್ಪುವುದಿಲ್ಲ, ಕೆಲವೆಡೆ ಹೆಚ್ಚುವರಿ ವಿಷಯಗಳನ್ನೇ ಓದಬೇಕಾಗುತ್ತದೆ. ಇದನ್ನು ಅರ್ಜಿ ಹಾಕುವ ಮುನ್ನವೇ ಬರಹದಲ್ಲಿ ಕೇಳಿ ಪಡೆಯಬೇಕು. ಪಾಠ ಇಂಗ್ಲಿಷಿನಲ್ಲಿದ್ದರೂ ಇಂಥ ಕಂಪನಿಗಳಲ್ಲಿ, ಅದರಲ್ಲೂ ಚಿಕ್ಕ ಊರುಗಳ ಕಾರ್ಖಾನೆಗಳಲ್ಲಿ, ಕೆಲಸ ನಡೆಯುವುದು ಜರ್ಮನ್ ಭಾಷೆಯಲ್ಲಿ.

ಪಿಎಚ್.ಡಿ. ಮಾಡುವ ಆಸೆಯಿರುವವರಿಗೆ ನನ್ನ ಆಯ್ಕೆಯನ್ನು ನಾನು ಸೂಚಿಸಲಾರೆ. ಹೋಖ್‌ಶೂಲೆಯ ಸ್ನಾತಕೋತ್ತರ ಪದವೀಧರರೂ ಡಾಕ್ಟರೇಟ್‌ಗೆ ಅರ್ಹರೇ, ಆದರೆ ಆ ಪದವಿಯನ್ನು ತಾವೇ ನೀಡುವ ಹಕ್ಕು ಹೋಖ್‌ಶೂಲೆಗಳಿಗೆ ಸಿಗಲಾರಂಭಿಸಿದ್ದು 2016ರಲ್ಲಿ, ಹೆಸ್ಸೆನ್ ರಾಜ್ಯದಿಂದ, ಅದೂ ಸಂಶೋಧನೆಯಲ್ಲಿ ಬಲವಾಗಿರುವ ಕೆಲವೇ ವಿಭಾಗಗಳಿಗೆ. ಹಾಗಾಗಿ ಇಂದಿಗೂ ಅನೇಕರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರನ್ನು ಮಾರ್ಗದರ್ಶಕರನ್ನಾಗಿ ಹುಡುಕಿಕೊಳ್ಳಬೇಕಾಗುತ್ತದೆ, ಮತ್ತು ಅವರು ಮೊದಲು ಕೇಳುವುದು ನಮ್ಮ ಗಣಿತದ ತಳಹದಿಯನ್ನೇ.