ಸೆಪ್ಟೆಂಬರಿನ 1,80,000 ಎಲ್ಲಿ ಹೋಯಿತು?

ಗಂಗಾವತಿ ಹತ್ತಿರದ ಒಂದು ರೈಸ್ ಮಿಲ್ಲಿನ ಲೆಕ್ಕ ನಾನು ನೋಡಿಕೊಳ್ಳುತ್ತೇನೆ. ಗಂಟೆಗೆ 4 ಟನ್ ಭತ್ತ ಎಳೆಯುವ ಮಿಲ್ಲು. ದಿನಕ್ಕೆ 16 ಗಂಟೆ, ತಿಂಗಳಿಗೆ 25 ದಿನ ಅಂತ ಹಿಡಿದರೆ 400 ಗಂಟೆ, ಅಂದರೆ 1,600 ಟನ್. ಮಿಲ್ಲು ಓಡಲಿ ಬಿಡಲಿ ಬರುವ ಖರ್ಚು ತಿಂಗಳಿಗೆ 8 ಲಕ್ಷ: ಸಂಬಳದವರು, ಸವಕಳಿ, ಇನ್ಶೂರೆನ್ಸ್, ಕರೆಂಟಿನ ಡಿಮ್ಯಾಂಡ್ ಚಾರ್ಜು. 8 ಲಕ್ಷವನ್ನು 1,600ರಿಂದ ಭಾಗಿಸಿ, ಟನ್ನಿಗೆ 500 ರೂಪಾಯಿ ಫಿಕ್ಸೆಡ್ ಓವರ್‌ಹೆಡ್ ಅಂತ ದರ ಕಟ್ಟಿದ್ದೆ.

ಮೊದಲ ಸೆಪ್ಟೆಂಬರಿನಲ್ಲಿ ಹಾಕಿದ ಭತ್ತ 1,240 ಟನ್. ನಿಜವಾದ ಫಿಕ್ಸೆಡ್ ಖರ್ಚು 8,24,000. ಬಜೆಟ್ಟಿಗಿಂತ 24,000 ಜಾಸ್ತಿ, ಇದು ಬಜೆಟ್ ವೇರಿಯನ್ಸ್. ಇನ್ನು 1,240 ಟನ್ನಿಗೆ 500ರಂತೆ ಅಕ್ಕಿಯ ಮೇಲೆ ಏರಿದ್ದು 6,20,000 ಮಾತ್ರ. ಬಜೆಟ್ಟಿನ 8 ಲಕ್ಷಕ್ಕೆ 1,80,000 ಕಡಿಮೆ, ಇದು ವಾಲ್ಯೂಮ್ ವೇರಿಯನ್ಸ್. ಎರಡನ್ನೂ ಬರೆದು, ಮುಂದೆ ನನ್ನ ಕೈಯಾರೆ 'ನಷ್ಟ' ಅಂತ ಸೇರಿಸಿ ಸಾವ್ಕಾರ್ರ ಮೇಜಿನ ಮೇಲೆ ಇಟ್ಟೆ. ಆ ಒಂದು ಪದವೇ ತಪ್ಪಾಯಿತು.

"ಏನ್ರೀ ಇದು, ಒಂದು ಲಕ್ಷ ಎಂಬತ್ತು ಸಾವಿರ ಎಲ್ಲಿ ಹೋತು?" ಅಂದರು. ಮಿಲ್ ಮೇಸ್ತ್ರಿಯನ್ನು ಕರೆಸಿದರು. ಆತ ಮೈಯೆಲ್ಲಾ ತೌಡಿನ ಧೂಳು ಹೊತ್ತುಕೊಂಡು ಬಂದು ನಿಂತ. "ಧಣೀರಿ, ಅಂಗಳದಾಗ ಭತ್ತ ಇರಲಿಲ್ಲ. ನಾ ಏನು ಮಣ್ಣು ಹಾಕ್ಲೇನ್ರಿ ಮಿಲ್ಲಿಗೆ?" ಅಂದ. ಸಾವ್ಕಾರ್ರು ನನ್ನ ಕಡೆ ನೋಡಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತು ರಾತ್ರಿ ಲಾಗ್ ಬುಕ್ ಮನೆಗೆ ತಂದು ಕೂತೆ. ಮಿಲ್ಲು ಓಡಿದ್ದು 325 ಗಂಟೆ. 75 ಗಂಟೆ ನಿಂತಿತ್ತು. ಒಂದು ಗಂಟೆಯ ಫಿಕ್ಸೆಡ್ ಖರ್ಚು 2,000, ಹಾಗಾಗಿ ನಿಂತ ಗಂಟೆಗಳ ಬಾಬ್ತು 1,50,000. 325 ಗಂಟೆಗೆ 1,300 ಟನ್ ಬರಬೇಕಿತ್ತು, ಬಂದದ್ದು 1,240. ಆ 60 ಟನ್ನಿಗೆ 30,000. ಎರಡೂ ಕೂಡಿದರೆ ಸರಿಯಾಗಿ 1,80,000. ಮೊದಲನೆಯದು ಕೆಪಾಸಿಟಿಯದು, ಎರಡನೆಯದು ಎಫಿಷಿಯೆನ್ಸಿಯದು. 60 ಟನ್ನಿನ ಕಥೆ ಸಣ್ಣದು: ಭತ್ತ ಹಸಿ ಇತ್ತು, ಎಲಿವೇಟರ್ ಕಟ್ಟಿಕೊಳ್ಳುತ್ತಿತ್ತು, ಫೀಡ್ ಕಡಿಮೆ ಮಾಡಿ ಓಡಿಸಿದ್ದರು. 75 ಗಂಟೆಯಲ್ಲಿ 48 ಗಂಟೆ 'ಭತ್ತ ಇಲ್ಲ' ಅಂತಲೇ ಬರೆದಿತ್ತು. ಉಳಿದ 27 ಗಂಟೆ ರಿಪೇರಿ, ರಬ್ಬರ್ ರೋಲ್ ಬದಲಿಸಿದ್ದು, ಕರೆಂಟು ಹೋದದ್ದು.

ಇಲ್ಲಿ ನನಗೆ ಒಂದು ಪ್ರಶ್ನೆ ಬಂತು. ಆ 27 ಗಂಟೆ ಮಿಲ್ಲು ನಿಲ್ಲದೇ ಇದ್ದಿದ್ದರೆ ಏನಾಗುತ್ತಿತ್ತು? ಇದ್ದ ಭತ್ತ ಇನ್ನೂ ಬೇಗ ಮುಗಿಯುತ್ತಿತ್ತು, ಅಷ್ಟೇ. ಸೆಪ್ಟೆಂಬರ್ ಅಂದರೆ ಈ ಕಡೆ ಹಳೇ ಭತ್ತ ಮುಗಿದಿರುತ್ತದೆ, ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ಹೊಸದು ಇನ್ನೂ ಹಸಿರಾಗಿ ನಿಂತಿರುತ್ತದೆ. ತಿಂಗಳ ಕೊನೆಗೆ ಅದೇ 1,240 ಟನ್. 8 ಲಕ್ಷದಲ್ಲಿ ಒಂದು ರೂಪಾಯಿಯೂ ಉಳಿಯುತ್ತಿರಲಿಲ್ಲ. ಹಾಗಾದರೆ ಈ 1,80,000 ಯಾರ ಜೇಬಿನಿಂದಲೂ ಹೋದ ದುಡ್ಡಲ್ಲ. ನಾನೇ ಆರಿಸಿಕೊಂಡ 1,600ರಿಂದ ಎಷ್ಟು ದೂರ ನಿಂತೆವು ಅನ್ನೋದನ್ನು 500ರಿಂದ ಗುಣಿಸಿದ್ದು ಮಾತ್ರ.

ನಿಜವಾಗಿ ಹೋದದ್ದು ಆ ಸಣ್ಣ 24,000. ಅದರಲ್ಲಿ 9,000 ಇನ್ಶೂರೆನ್ಸ್ ಪ್ರೀಮಿಯಂ ಏರಿದ್ದು. ಉಳಿದ 15,000 ಕರೆಂಟ್ ಬಿಲ್ಲಿನ ದಂಡ. ಒಂದು ದಿನ ಕರೆಂಟು ಹೋಗಿ ಬಂದ ಕೂಡಲೇ ಪಾಲಿಷರ್, ಬ್ಲೋವರ್, ಎಲಿವೇಟರ್ ಎಲ್ಲಾ ಮೋಟರುಗಳನ್ನೂ ಒಟ್ಟಿಗೆ ಹಾಕಿದ್ದರು. ಮ್ಯಾಕ್ಸಿಮಮ್ ಡಿಮ್ಯಾಂಡ್ ಒಪ್ಪಂದದ ಮಿತಿ ದಾಟಿತ್ತು. ಒಂದೊಂದಾಗಿ, ನಡುವೆ ಸ್ವಲ್ಪ ಬಿಟ್ಟು ಹಾಕಿ ಅಂತ ಪ್ಯಾನೆಲ್ ಮೇಲೆ ಚೀಟಿ ಅಂಟಿಸಿದೆವು. ಬಜೆಟ್ ವೇರಿಯನ್ಸ್ ಹೀಗೆ ಒಂದು ಬಿಲ್ಲನ್ನೋ ಒಂದು ಸ್ವಿಚ್ಚನ್ನೋ ಬೆರಳು ಮಾಡಿ ತೋರಿಸುತ್ತದೆ.

ಡಿಸೆಂಬರ್ ಬಂತು. ಹೊಸ ಭತ್ತದ ಲಾರಿಗಳು ಗೇಟಿನಿಂದ ರಸ್ತೆಯವರೆಗೆ. ದಿನಕ್ಕೆ 20 ಗಂಟೆ ಓಡಿಸೋಣ, 500 ಗಂಟೆ ಆಗಲಿ ಅಂತ ಮಾತಾಗಿತ್ತು. ಓಡಿದ್ದು 470, ಹಾಕಿದ್ದು 1,860 ಟನ್. ವಾಲ್ಯೂಮ್ ವೇರಿಯನ್ಸ್ 1,30,000 ನಮ್ಮ ಕಡೆಗೆ. ಸಾವ್ಕಾರ್ರು ಖುಷಿಯಿಂದ ಮಿರ್ಚಿ ತರಿಸಿದರು. ನಾನು ಮಾತ್ರ ತಪ್ಪಿದ 30 ಗಂಟೆಯನ್ನೇ ನೋಡುತ್ತಿದ್ದೆ. ಬೆಲ್ಟ್ ಹರಿದು ಒಂದೂವರೆ ದಿನ ನಿಂತಾಗ, ಸ್ಟಾಕಿನಲ್ಲಿ ಬೇರೆ ಬೆಲ್ಟ್ ಇರಲಿಲ್ಲ. ಕಾಯುತ್ತಿದ್ದ ಲಾರಿಗಳು ಬೇರೆ ಮಿಲ್ಲುಗಳಿಗೆ ತಿರುಗಿಕೊಂಡವು. 30 ಗಂಟೆ ಅಂದರೆ 120 ಟನ್. ಅಕ್ಕಿ, ನುಚ್ಚು, ತೌಡು ಮಾರಿದ್ದರಲ್ಲಿ ಭತ್ತದ ರೇಟು, ಚೀಲ, ಹಮಾಲಿ, ಯೂನಿಟ್ ಚಾರ್ಜು ಕಳೆದರೆ ನಮಗೆ ಟನ್ನಿಗೆ 900 ಉಳಿಯುತ್ತಿತ್ತು. ಹೋದದ್ದು 1,08,000. ಇದೂ ನಿಜವಾದ ನಷ್ಟವೇ, ಮತ್ತು ಇದು ವಾಲ್ಯೂಮ್ ವೇರಿಯನ್ಸ್ ಚೆನ್ನಾಗಿ ಕಾಣುತ್ತಿದ್ದ ತಿಂಗಳಲ್ಲೇ ಆದದ್ದು. 1,80,000 ಕೆಟ್ಟದ್ದು ಅಂದ ಸೆಪ್ಟೆಂಬರಿನಲ್ಲಿ ಒಂದು ಟನ್ ಗಿರಾಕಿಯೂ ಕೈತಪ್ಪಿರಲಿಲ್ಲ.

ಡಿಸೆಂಬರಿನ ಆ 1,30,000 ಕೂಡ ಗಳಿಕೆ ಅಲ್ಲ. ಅರ್ಧಕ್ಕರ್ಧ ಅಕ್ಕಿ ಗೋದಾಮಿನಲ್ಲೇ ಇತ್ತು. ಟನ್ನಿಗೆ 500ರ ಲೆಕ್ಕದಲ್ಲಿ ಫಿಕ್ಸೆಡ್ ಖರ್ಚು ಅದರ ಮೇಲೆ ಏರಿ ಕೂತಿತ್ತು. ಸ್ಟಾಕಿನ ಬೆಲೆ ಕಟ್ಟುವಾಗ ಎಎಸ್ 2 ಅನ್ನೋ ಅಕೌಂಟಿಂಗ್ ಸ್ಟ್ಯಾಂಡರ್ಡ್ ಹೇಳುವುದೂ ಇದನ್ನೇ: ಉತ್ಪಾದನೆ ಮಾಮೂಲಿಗಿಂತ ತೀರಾ ಜಾಸ್ತಿ ಇದ್ದರೆ ಯೂನಿಟ್ಟಿನ ಫಿಕ್ಸೆಡ್ ಭಾಗ ಇಳಿಸಬೇಕು, ಕಡಿಮೆ ಇದ್ದರೆ ಏರಿಸಬಾರದು, ಹೀರದೇ ಉಳಿದದ್ದನ್ನು ಆ ಅವಧಿಯ ಖರ್ಚಿಗೇ ಹಾಕಬೇಕು.

ಮರುವರ್ಷ ಇನ್ನೊಂದು ಎಡವಟ್ಟು ಮಾಡಿದೆ. ಸೆಪ್ಟೆಂಬರ್ ಬೈಗುಳ ತಪ್ಪಿಸಿಕೊಳ್ಳಲು ತಿಂಗಳಿಗೆ 1,250 ಟನ್ ಅಂತಲೇ ಹಿಡಿದೆ. ವೇರಿಯನ್ಸ್ ಹೆಚ್ಚುಕಡಿಮೆ ಮಾಯ. ಆದರೆ ದರ 500ರಿಂದ 640ಕ್ಕೆ ಹೋಯಿತು. ಅದನ್ನೇ ನೋಡಿ ಬೇರೆಯವರ ಭತ್ತ ಹಾಕಿಕೊಡುವ ಕೂಲಿ ರೇಟನ್ನೂ ಸಾವ್ಕಾರ್ರು ಏರಿಸಿದರು. ಒಂದಿಬ್ಬರು ಗಿರಾಕಿಗಳು ಜಾರಿಕೊಂಡರು. ಮಿಲ್ಲು ಅದೇ, ಖಾಲಿ ಗಂಟೆಗಳೂ ಅವೇ. ಮೊದಲು ವೇರಿಯನ್ಸಿನಲ್ಲಿ ಕಾಣುತ್ತಿದ್ದ ಖಾಲಿತನವನ್ನು ನಾನು ರೇಟಿನೊಳಗೆ ಬಚ್ಚಿಟ್ಟಿದ್ದೆ, ಅಷ್ಟೇ. ಮೂರನೇ ತಿಂಗಳಿಗೆ ವಾಪಸ್ 1,600ಕ್ಕೆ ಬಂದೆ.

ಈಗ ವರದಿಯಲ್ಲಿ ರೂಪಾಯಿಗಿಂತ ಮೊದಲು ಗಂಟೆ ಬರೆಯುತ್ತೇನೆ. ಲಾಗ್ ಬುಕ್ಕಿನಲ್ಲಿ ಮೇಸ್ತ್ರಿಗೆ ಒಂದು ಕಾಲಂ ಜಾಸ್ತಿ ಎಳೆದುಕೊಟ್ಟಿದ್ದೇನೆ: 'ನಿಂತಾಗ ಅಂಗಳದಲ್ಲಿ ಭತ್ತ ಇತ್ತಾ?' ಆತ 'ಇತ್ತು' ಅಂತ ಬರೆದ ಗಂಟೆಗಳನ್ನು ಮಾತ್ರ ನಾನು 4 ಟನ್ನಿಗೂ, ಆ ತಿಂಗಳು ಟನ್ನಿಗೆ ಉಳಿಯುವ ದುಡ್ಡಿಗೂ ಗುಣಿಸುತ್ತೇನೆ. 'ಇಲ್ಲ' ಅಂದ ಗಂಟೆಗಳ ಪಟ್ಟಿ ಭತ್ತ ಖರೀದಿ ನೋಡಿಕೊಳ್ಳುವವರಿಗೆ ಹೋಗುತ್ತದೆ. ಬೇರೆ ಬೆಲ್ಟ್ ಒಂದು ಈಗ ಮೇಸ್ತ್ರಿಯ ಕೋಣೆಯ ಗೋಡೆಗೆ ನೇತು ಹಾಕಿದೆ.